ಬಾಣಲೆಯಿಂದ ಮರದ ಹಲಗೆಗೆ: ಎಲೆಕ್ಟ್ರಿಕ್ ಗಿಟಾರ್ ಮೈ ಬದಲಿಸಲು ಯಾಕಷ್ಟು ವರ್ಷ ಹಿಡಿಯಿತು?

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. ಮೊದಲು ಟೊಳ್ಳು ಹೊಟ್ಟೆಯ ಗಿಟಾರ್ ಇತ್ತು. ಅದಕ್ಕೆ ಅದುರಿಕೆಯನ್ನು ವಿದ್ಯುತ್ತಾಗಿಸುವ ಒಂದು ಪಿಕಪ್ ಕೂರಿಸಿದರು. ಸ್ಪೀಕರ್ ಜೋರು ಮಾಡಿದಾಗ ಗಿಟಾರ್ ಊಳಿಡತೊಡಗಿತು. ಹಾಗಾಗಿ ಹೊಟ್ಟೆಯನ್ನೇ ತೆಗೆದುಹಾಕಿ, ಗಟ್ಟಿ ಮರದ ಹಲಗೆಯಲ್ಲಿ ಗಿಟಾರ್ ಮಾಡಿದರು.

ಕೇಳಲು ಸರಿಯಾಗೇ ಇದೆ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಪಿಕಪ್ ಇಟ್ಟುಕೊಂಡು ಅಂಗಡಿಗೆ ಬಂದು, ನಿಜಕ್ಕೂ ನೆಲೆ ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರ್ 1932ರದ್ದು. ಅದಕ್ಕೆ ಮರದ ಹೊಟ್ಟೆಯೇ ಇರಲಿಲ್ಲ. ಅದು ಅಲ್ಯೂಮಿನಿಯಂ ಎರಕದ ಒಂದು ಪುಟ್ಟ ವಾದ್ಯ. ನೋಡಲು ಉದ್ದ ಹಿಡಿಯ ಬಾಣಲೆಯ ಹಾಗಿತ್ತು. ಜನ ಅದನ್ನು ಕರೆದದ್ದೂ ಹಾಗೇ, ‘ಫ್ರೈಯಿಂಗ್ ಪ್ಯಾನ್’ ಅಂತ. ಟೊಳ್ಳು ಹೊಟ್ಟೆಯ ಪ್ರಸಿದ್ಧ ಎಲೆಕ್ಟ್ರಿಕ್ ಗಿಟಾರ್ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ಗಟ್ಟಿ ಮರದ ಗಿಟಾರ್ ಕಾರ್ಖಾನೆಯಿಂದ ದೊಡ್ಡ ಸಂಖ್ಯೆಯಲ್ಲಿ ಹೊರಬಂದದ್ದು 1950ರ ನಂತರ.

ಅಂದರೆ ಉತ್ತರ ಶುರುವಿನಲ್ಲೇ ಕೈಯಲ್ಲಿತ್ತು. ಅದನ್ನು ಬಿಟ್ಟು ಹೊಟ್ಟೆಯ ಕಡೆಗೆ ಹೋಗಿ, ಮತ್ತೆ ತಿರುಗಿ ಬರಲು ಹದಿನೆಂಟು ವರ್ಷ ಹಿಡಿಯಿತು. ಯಾಕೆ ಅನ್ನುವುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಇದಕ್ಕೆ ಉತ್ತರ ವಿದ್ಯುತ್ತಿಗಿಂತ ಜಾಸ್ತಿ ಮರದಲ್ಲಿದೆ. ಗಿಟಾರ್ ಅಂದರೆ ಹೇಗಿರಬೇಕು ಅಂತ ಜನರ ಮನಸ್ಸಿನಲ್ಲಿದ್ದ ಚಿತ್ರದಲ್ಲೂ ಇದೆ.

ಕೇಳಿಸದ ಗಿಟಾರ್

1920ರ ದಶಕದ ಅಮೆರಿಕದ ಡ್ಯಾನ್ಸ್ ಬ್ಯಾಂಡ್ ಒಂದನ್ನು ನೆನೆಸಿಕೊಳ್ಳಿ. ಮುಂದೆ ಟ್ರಂಪೆಟ್, ಸ್ಯಾಕ್ಸೋಫೋನ್. ಹಿಂದೆ ಡ್ರಮ್ಸ್. ಮೂಲೆಯಲ್ಲಿ ಗಿಟಾರ್ ಹಿಡಿದವನು ಎಷ್ಟು ಜೋರಾಗಿ ಬಾರಿಸಿದರೂ ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳುತ್ತಿತ್ತು. ಬ್ಯಾಂಜೋ ಬಾರಿಸುವವರಿಗೆ ಕೆಲಸ ಸಿಗುತ್ತಿತ್ತು, ಯಾಕಂದರೆ ಬ್ಯಾಂಜೋ ಕೇಳುತ್ತಿತ್ತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಹವಾಯಿ ದ್ವೀಪಗಳ ಸಂಗೀತದ ಹುಚ್ಚು ಹಬ್ಬಿತ್ತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನ ಅದಕ್ಕೆ ಕಿಡಿ ಹಚ್ಚಿತ್ತು. ಹವಾಯಿ ಗಿಟಾರನ್ನು ಎದೆಗೆ ಒರಗಿಸಿ ಹಿಡಿಯುವುದಿಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ. ನಮ್ಮ ವಿಚಿತ್ರ ವೀಣೆ ನೋಡಿದವರಿಗೆ ಈ ಜಾರಿಕೆಯ ಗುಟ್ಟು ಹೊಸದಲ್ಲ. ಇಲ್ಲಿ ಗಿಟಾರ್ ಒಂಟಿಯಾಗಿ ರಾಗ ಹಾಡುತ್ತದೆ, ಹಿಂದೆ ನಿಂತು ತಾಳ ಕೊಡುವುದಿಲ್ಲ. ಹಾಗಾಗಿ ದನಿ ದೊಡ್ಡದಾಗಬೇಕು ಅನ್ನುವ ಒತ್ತಾಯ ಎಲ್ಲರಿಗಿಂತ ಮೊದಲು ಬಂದದ್ದು ಹವಾಯಿ ಗಿಟಾರ್ ನುಡಿಸುವವರಿಂದ.

ಅವರಲ್ಲೊಬ್ಬ ಜಾರ್ಜ್ ಬೋಷಾಂ. ಟೆಕ್ಸಾಸ್‌ನವನು, ರಂಗಮಂಚಗಳ ಮೇಲೆ ಹವಾಯಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. ಆತನ ಮೊದಲ ಪ್ರಯತ್ನದಲ್ಲಿ ವಿದ್ಯುತ್ತಿನ ಮಾತೇ ಇರಲಿಲ್ಲ. ಜಾನ್ ಡೊಪೇರ ಅನ್ನುವ ವಾದ್ಯ ತಯಾರಕನ ಜೊತೆ ಸೇರಿ, ಗಿಟಾರ್ ಒಳಗೆ ತೆಳು ಅಲ್ಯೂಮಿನಿಯಂ ಕೋನುಗಳನ್ನು ಕೂರಿಸಿದ ರೆಸೊನೇಟರ್ ಗಿಟಾರನ್ನು ಮಾರುಕಟ್ಟೆಗೆ ತಂದ. ಕಂಪನಿಯ ಹೆಸರು ನ್ಯಾಷನಲ್. ಆ ಗಿಟಾರ್‌ಗಳ ಲೋಹದ ಒಡಲನ್ನು ಒತ್ತಿ ಕೊಡುತ್ತಿದ್ದವನು ಸ್ವಿಟ್ಜರ್ಲೆಂಡ್‌ನಿಂದ ವಲಸೆ ಬಂದ ಅಡಾಲ್ಫ್ ರಿಕನ್‌ಬ್ಯಾಕರ್. ಲಾಸ್ ಏಂಜಲೀಸ್‌ನಲ್ಲಿ ಆತನ ವರ್ಕ್‌ಶಾಪ್ ಇತ್ತು. ಈ ಪರಿಚಯ ಮುಂದೆ ದೊಡ್ಡ ಕೆಲಸಕ್ಕೆ ಬಂತು.

ಕೋನು ಹಾಕಿದರೆ ದನಿ ಒಂದಷ್ಟು ಏರುತ್ತದೆ, ಅಷ್ಟೇ. ತಂತಿ ಮೀಟಿದ ಬೆರಳಿನ ಶಕ್ತಿಗಿಂತ ಜಾಸ್ತಿ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಹೊರಗಿನಿಂದ ಶಕ್ತಿ ತುಂಬಬೇಕು ಅಂದರೆ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ಗೆ ಕೊಡಲು ಸಿಗ್ನಲ್ ಬೇಕು. ಆ ಸಿಗ್ನಲ್ ಎಲ್ಲಿಂದ ತೆಗೆಯುವುದು? ಇಡೀ ಕಥೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಮರವನ್ನು ಕೇಳುವುದೋ, ತಂತಿಯನ್ನು ಕೇಳುವುದೋ

ಮೊದಲು ಹೊಳೆಯುವ ದಾರಿ ಮರವನ್ನು ಕೇಳುವುದು. ಗಿಟಾರ್‌ನ ದನಿ ಮೇಲಿನ ಹಲಗೆಯಿಂದ ಬರುತ್ತದೆ, ಅಲ್ವಾ? ಹಾಗಾದರೆ ಆ ಹಲಗೆಯ ಅದುರುವಿಕೆಯನ್ನು ಹಿಡಿದರೆ ಆಯಿತು. 1920ರ ದಶಕದಲ್ಲಿ ಗಿಬ್ಸನ್ ಕಂಪನಿಯಲ್ಲಿದ್ದ ಲಾಯ್ಡ್ ಲೋರ್ ಈ ದಿಕ್ಕಿನಲ್ಲಿ ಪ್ರಯೋಗ ಮಾಡಿದ. 1928ರಲ್ಲಿ ಷಿಕಾಗೋದ ಸ್ಟ್ರಾಂಬರ್ಗ್-ವಾಸಿನೆ ಕಂಪನಿ ಇದೇ ಬಗೆಯ ಗಿಟಾರನ್ನು ಜಾಹೀರಾತು ಕೊಟ್ಟು ಮಾರಲೂ ನೋಡಿತು. ಯಾವುದೂ ನೆಲೆಯೂರಲಿಲ್ಲ. ಹಲಗೆಯಿಂದ ತೆಗೆದ ಸಿಗ್ನಲ್ ಕ್ಷೀಣ. ಅದರ ಜೊತೆಗೆ ಕೈ ತಾಗಿದ ಸದ್ದು, ಅಂಗಿಯ ಗುಂಡಿ ಉಜ್ಜಿದ ಸದ್ದು, ಎಲ್ಲವೂ ಬರುತ್ತದೆ. ಇವತ್ತು ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಂಡು ಕಛೇರಿ ಮಾಡುವವರಿಗೆ ಈ ಕಷ್ಟ ಗೊತ್ತು. ಕೊಡದ ಮೇಲೆ ಬಳೆ ತಾಗಿದರೂ ಸಭೆಗೆಲ್ಲ ಕೇಳುತ್ತದೆ.

ಬೋಷಾಂ ಬೇರೆ ದಾರಿ ಹಿಡಿದ. ಮೊದಲು ಗ್ರಾಮಫೋನಿನ ಪಿಕಪ್ಪನ್ನು ಕಿತ್ತು, ಒಂದು ಮರದ ತುಂಡಿಗೆ ಒಂದೇ ತಂತಿ ಬಿಗಿದು, ಅದರ ಮೇಲೆ ಪರೀಕ್ಷೆ ಮಾಡಿದ. ಆಮೇಲೆ ಆತನಿಗೆ ಹೊಳೆದದ್ದು ಇಷ್ಟು: ನಡುವೆ ಮರ ಯಾಕೆ ಬೇಕು? ತಂತಿ ಉಕ್ಕಿನದು. ಉಕ್ಕನ್ನು ಅಯಸ್ಕಾಂತ ಗುರುತಿಸುತ್ತದೆ. ನೇರವಾಗಿ ತಂತಿಯನ್ನೇ ಕೇಳಬಹುದಲ್ಲ!

ಈ ಪಿಕಪ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಿಧಾನವಾಗಿ ನೋಡೋಣ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಒಂದು ಅಯಸ್ಕಾಂತ ಇದೆ. ಅದರ ಬಳಿ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್ ಇದೆ. ಮೇಲೆ ಉಕ್ಕಿನ ತಂತಿ. ಅಯಸ್ಕಾಂತದ ಹತ್ತಿರ ಇರುವುದರಿಂದ ಆ ಉಕ್ಕಿನ ತಂತಿಯೂ ಸ್ವಲ್ಪ ಅಯಸ್ಕಾಂತವಾಗುತ್ತದೆ. ತಂತಿ ಸುಮ್ನೆ ಇದ್ದರೆ ಏನೂ ಆಗುವುದಿಲ್ಲ. ಮೀಟಿದಾಗ ಅದು ಹತ್ತಿರ ಬಂದು ದೂರ ಹೋಗುತ್ತದೆ. ಕಾಯಿಲ್ ಮೂಲಕ ಹಾಯುವ ಅಯಸ್ಕಾಂತದ ಬಲವೂ ಅದೇ ಲಯದಲ್ಲಿ ಏರಿಳಿಯುತ್ತದೆ. ಹೀಗೆ ಏರಿಳಿದರೆ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ ಮೈಕೇಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಐದನೇ ತಂತಿ ಸೆಕೆಂಡಿಗೆ 110 ಸಲ ಅದುರಿದರೆ, ಕಾಯಿಲ್‌ನಿಂದ ಬರುವ ವಿದ್ಯುತ್ತೂ ಸೆಕೆಂಡಿಗೆ 110 ಸಲ ಹಿಂದೆ ಮುಂದೆ ತೂಗುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ.

ಇಲ್ಲಿ ಗಾಳಿಯ ಪಾತ್ರ ಇಲ್ಲ. ಮರದ ಪಾತ್ರವೂ ನೇರವಾಗಿ ಇಲ್ಲ. ಈ ಪಿಕಪ್‌ಗೆ ಗೊತ್ತಾಗುವುದು ಉಕ್ಕಿನ ಅಲುಗಾಟ ಮಾತ್ರ. ನೈಲಾನ್ ತಂತಿಯ ಗಿಟಾರ್‌ಗೆ ಇದನ್ನು ಕೂರಿಸಿ ಎಷ್ಟು ಮೀಟಿದರೂ ಸ್ಪೀಕರ್‌ನಲ್ಲಿ ಏನೂ ಬರುವುದಿಲ್ಲ. ಅನುಮಾನ ಇದ್ದರೆ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಹತ್ತಿರ ಒಂದು ಕಬ್ಬಿಣದ ಸ್ಕ್ರೂಡ್ರೈವರ್ ಮೆಲ್ಲಗೆ ಆಡಿಸಿ, ಆಮೇಲೆ ಒಂದು ಪೆನ್ಸಿಲ್ ಆಡಿಸಿ. ಮೊದಲನೆಯದು ಸ್ಪೀಕರ್‌ನಲ್ಲಿ ಕೇಳುತ್ತದೆ, ಎರಡನೆಯದು ಕೇಳುವುದಿಲ್ಲ.

ಬೋಷಾಂನ ಪಿಕಪ್‌ನಲ್ಲಿ ಕುದುರೆಯ ಕಾಲಿನ ಲಾಳದ ಆಕಾರದ ಎರಡು ಅಯಸ್ಕಾಂತಗಳು ತಂತಿಗಳನ್ನು ಮೇಲಿನಿಂದ ಬಳಸಿಕೊಂಡಿದ್ದವು. ತಂತಿಗಳು ಆ ಲಾಳಗಳ ಒಳಗೆ ಹಾದು ಹೋಗುತ್ತಿದ್ದವು. ಕೆಳಗೆ ಕಾಯಿಲ್, ಒಂದೊಂದು ತಂತಿಗೆ ಒಂದೊಂದು ಲೋಹದ ಕಂಬ. ಕಾಯಿಲ್ ಸುತ್ತಲು ಮನೆಬಳಕೆಯ ಯಂತ್ರವೊಂದರಿಂದ ಕಿತ್ತ ಮೋಟಾರ್ ಸಾಕಾಯಿತು.

ಪಿಕಪ್ ಸಿದ್ಧವಾಯಿತು. ಈಗ ಅದನ್ನು ಇಡಲು ಒಂದು ವಾದ್ಯ ಬೇಕು. 1931ರಲ್ಲಿ ನ್ಯಾಷನಲ್ ಕಾರ್ಖಾನೆಯಲ್ಲಿದ್ದ ಹ್ಯಾರಿ ವಾಟ್ಸನ್ ಮೇಪಲ್ ಮರದಲ್ಲಿ ಒಂದು ಮಾದರಿ ಕೆತ್ತಿಕೊಟ್ಟ. ತಂತಿಗಳ ಕೆಳಗೆ ಉದ್ದ ಹಿಡಿ, ಅಂದರೆ ನೆಕ್, ಕೊನೆಯಲ್ಲೊಂದು ಪುಟ್ಟ ದುಂಡು ತಟ್ಟೆ. ಯಾಕೆ ಅಷ್ಟು ಪುಟ್ಟದು? ಪಿಕಪ್ ಮತ್ತು ತಂತಿಗಳನ್ನು ಹೊರುವ ಕುದುರೆ ಹಿಡಿಸಿದರೆ ಸಾಕಾಗಿತ್ತು, ಅದಕ್ಕೆ. ಗಾಳಿಯನ್ನು ಅದುರಿಸುವ ಹೊಣೆ ಸ್ಪೀಕರ್‌ಗೆ ಹೋಗಿತ್ತು. ಬೋಷಾಂ, ರಿಕನ್‌ಬ್ಯಾಕರ್ ಸೇರಿ ರೋ-ಪ್ಯಾಟ್-ಇನ್ ಅನ್ನುವ ಕಂಪನಿ ಕಟ್ಟಿ, 1932ರಲ್ಲಿ ಇದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಮಾರಿದರು. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತ ಪಾತಾಳ ಮುಟ್ಟಿತ್ತು. ಮೊದಲ ವರ್ಷ ಮಾರಾಟ ತೀರಾ ಕಡಿಮೆ.

ಪೇಟೆಂಟ್ ಕೂಡ ಬೇಗ ಸಿಗಲಿಲ್ಲ. ಇದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಪೇಟೆಂಟ್ ಕಚೇರಿಗೆ ಅನುಮಾನ ಇತ್ತಂತೆ. ಸೋಲ್ ಹೋಪಿ ಎಂಬ ಹೆಸರಾಂತ ಹವಾಯಿ ಗಿಟಾರ್ ವಾದಕ ಮತ್ತು ಸಂಗಡಿಗರು ವಾಷಿಂಗ್ಟನ್‌ಗೆ ಹೋಗಿ, ಅಧಿಕಾರಿಗಳ ಎದುರೇ ನುಡಿಸಿ ತೋರಿಸಿದರು ಎಂಬ ಕಥೆಯನ್ನು ರಿಕನ್‌ಬ್ಯಾಕರ್ ಕಡೆಯವರು ಹೇಳುತ್ತಾರೆ. ಕೊನೆಗೆ ಪೇಟೆಂಟ್ ಬಂದದ್ದು 1937ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಬೇರೆ ಕಂಪನಿಗಳೂ ಕಾಯಿಲ್, ಅಯಸ್ಕಾಂತ ಹಿಡಿದು ಕೂತಿದ್ದವು.

ಫ್ರೈಯಿಂಗ್ ಪ್ಯಾನ್‌ಗೆ ಒಂದು ದೊಡ್ಡ ದೋಷ ಇತ್ತು. ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ವೇದಿಕೆಯ ದೀಪಗಳ ಕೆಳಗೆ ಅರ್ಧ ಗಂಟೆ ಕೂತರೆ ನೆಕ್ ಉದ್ದವಾಗುತ್ತದೆ, ಅದರ ಮೇಲೆ ಬಿಗಿದ ತಂತಿಗಳ ಎಳೆತ ಬದಲಾಗುತ್ತದೆ, ಶ್ರುತಿ ತಪ್ಪುತ್ತದೆ. ಹಿಗ್ಗುವ ಉದ್ದ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಆದರೆ ಪಳಗಿದ ಕಿವಿಗೆ ಅಷ್ಟು ಸಾಕು. 1935ರಲ್ಲಿ ಅದೇ ಕಂಪನಿ ಬೇಕಲೈಟ್‌ಗೆ ಹೋಯಿತು. ಹಳೇ ಸ್ವಿಚ್ಚುಗಳ ಆ ಕಪ್ಪು ಗಟ್ಟಿ ಪ್ಲಾಸ್ಟಿಕ್ ನೆನಪಿದೆಯಲ್ಲ, ಅದೇ.

ಹಿಂದಕ್ಕೆ ಇಟ್ಟ ಹೆಜ್ಜೆ

ಇಲ್ಲಿಂದ ನೇರವಾಗಿ ಗಟ್ಟಿ ಮರದ ಗಿಟಾರ್‌ಗೆ ದಾರಿ ಇತ್ತು. ಹೆಚ್ಚು ಜನ ಹೋಗಲಿಲ್ಲ. ಕಾರಣ, ಹವಾಯಿ ಗಿಟಾರ್ ಮತ್ತು ಮಾಮೂಲಿ ಗಿಟಾರ್ ಬೇರೆ ಬೇರೆ ಲೋಕ. ತೊಡೆಯ ಮೇಲೆ ಮಲಗಿಸುವ ವಾದ್ಯಕ್ಕೆ ಆಕಾರ ಹೇಗಿದ್ದರೂ ನಡೆಯುತ್ತದೆ. ಎದೆಗೆ ಅಪ್ಪಿಕೊಂಡು ನುಡಿಸುವ ಗಿಟಾರ್ ಹಾಗಲ್ಲ. ಅಮೆರಿಕದಲ್ಲಿ ಅದನ್ನು ‘ಸ್ಪ್ಯಾನಿಷ್’ ಗಿಟಾರ್ ಅನ್ನುತ್ತಿದ್ದರು. ಅದರ ಸೊಂಟ, ಹೊಟ್ಟೆ, ಮೈಮೇಲಿನ ತೂತುಗಳು ಎಲ್ಲವೂ ಸೇರಿಯೇ ಗಿಟಾರ್. ಬ್ಯಾಂಡಿನವನು ಮೈಕ್ ಇಲ್ಲದ ಕಡೆಯೂ ನುಡಿಸಬೇಕಿತ್ತು. ಅಂಗಡಿಯವನಿಗೆ ಗಿರಾಕಿ ಗುರುತಿಸುವಂಥದ್ದು ಬೇಕಿತ್ತು.

ಹಾಗಾಗಿ ಗಿಬ್ಸನ್ ಕಂಪನಿ 1936ರಲ್ಲಿ ಹೊರತಂದ ಇಎಸ್-150 ಒಂದು ಪೂರ್ತಿ ಮಾಮೂಲಿ ಗಿಟಾರ್. ಸ್ಪ್ರೂಸ್ ಮರದ ಕೆತ್ತಿದ ಮೇಲ್ಹಲಗೆ, ಮೇಪಲ್ ಪಕ್ಕಗಳು, ಪಿಟೀಲಿನಲ್ಲಿ ಇರುವಂಥ ಬಾಗಿದ ತೂತುಗಳು. ಇಎಸ್ ಅಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. 150 ಅಂದರೆ ಗಿಟಾರ್, ಆಂಪ್ಲಿಫೈಯರ್, ಕೇಬಲ್ ಸೇರಿ ಸುಮಾರು 150 ಡಾಲರ್. ವಾಲ್ಟರ್ ಫುಲ್ಲರ್ ರೂಪಿಸಿದ ಅದರ ಪಿಕಪ್‌ನಲ್ಲಿ ಎರಡು ಉದ್ದನೆಯ ಭಾರದ ಅಯಸ್ಕಾಂತಗಳು ಹಲಗೆಯ ಕೆಳಗೆ ಅಡಗಿದ್ದವು. ಹೊರಗೆ ಕಾಣುತ್ತಿದ್ದದ್ದು ಬ್ಲೇಡಿನಂಥ ಒಂದು ಪಟ್ಟಿ ಮತ್ತು ಮೂರು ಸ್ಕ್ರೂ.

ಈ ಗಿಟಾರ್ ಹಿಡಿದು ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ 1939ರ ಆಗಸ್ಟ್‌ನಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ನ ತಂಡ ಸೇರಿದ. ಗಿಟಾರ್ ಮೊದಲ ಬಾರಿಗೆ ಸ್ಯಾಕ್ಸೋಫೋನ್ ಪಕ್ಕದಲ್ಲಿ ನಿಂತು, ಒಂದೊಂದೇ ಸ್ವರದಲ್ಲಿ, ಅಷ್ಟೇ ಗಟ್ಟಿಯಾಗಿ ಮಾತಾಡುವುದನ್ನು ದೇಶವೆಲ್ಲ ಕೇಳಿತು. ಅವನಿಗೆ ಸಿಕ್ಕಿದ್ದು ಮೂರು ವರ್ಷಕ್ಕಿಂತ ಕಡಿಮೆ. 1942ರ ಮಾರ್ಚ್‌ನಲ್ಲಿ ಕ್ಷಯ ಅವನನ್ನು ಒಯ್ದಾಗ ಅವನಿಗೆ 25 ವರ್ಷ. ಆ ಬ್ಲೇಡ್ ಪಿಕಪ್ಪನ್ನು ಗಿಟಾರ್ ಮಂದಿ ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಅಂದರೆ ಹಿಂದಕ್ಕೆ ಇಟ್ಟ ಈ ಹೆಜ್ಜೆ ವ್ಯರ್ಥವಾಗಲಿಲ್ಲ. ಫ್ರೈಯಿಂಗ್ ಪ್ಯಾನ್‌ನಿಂದ ಆಗದ ಕೆಲಸ ಇದರಿಂದ ಆಯಿತು. ಗಿಟಾರ್ ವಾದಕರು ವಿದ್ಯುತ್ತನ್ನು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ವಾಲ್ಯೂಮ್ ಏರಿಸಲು ಶುರು ಮಾಡಿದರು. ಆಗ ಹೊಟ್ಟೆಯ ತೊಂದರೆ ಎದುರಾಯಿತು.

ಊಳಿಡುವ ಹೊಟ್ಟೆ

ಟೊಳ್ಳು ಗಿಟಾರ್ ಯಾಕೆ ಊಳಿಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಒಂದು ಕಾಲೇಜು ಸಭಾಂಗಣದಲ್ಲಿ. ಗೆಳೆಯನೊಬ್ಬ ಎರವಲು ತಂದ ಟೊಳ್ಳು ಗಿಟಾರನ್ನು ಆಂಪ್ಲಿಫೈಯರ್ ಮುಂದೆ ನಿಂತು ನುಡಿಸುತ್ತಿದ್ದ. ಆರನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ, ಅಂದರೆ ವೀಣೆಯ ಮೆಟ್ಟಿನಂಥ ಪಟ್ಟಿಯಲ್ಲಿ, ಒತ್ತಿದಾಗಲೆಲ್ಲ ಒಂದು ‘ಹೂಂ’ ಎದ್ದು, ನಿಲ್ಲದೆ ಉಬ್ಬುತ್ತಾ ಹೋಗುತ್ತಿತ್ತು. ಪಕ್ಕದ ಫ್ರೆಟ್‌ಗಳಲ್ಲಿ ಅಷ್ಟಿಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಂದು ಅಂಗೈಯನ್ನು ಗಿಟಾರ್‌ನ ಮೇಲ್ಹಲಗೆಗೆ ಅದುಮಿದರು. ಸದ್ದು ನಿಂತಿತು. ಕೈ ತೆಗೆದರು, ಮತ್ತೆ ಶುರು.

ಆ ಸ್ವರ ಸೆಕೆಂಡಿಗೆ ಸುಮಾರು 98 ಅದುರಿಕೆಯದು. ದೊಡ್ಡ ಟೊಳ್ಳು ಗಿಟಾರ್‌ನ ಹೊಟ್ಟೆಯ ಗಾಳಿಗೆ ತನ್ನದೇ ಒಂದು ಮೆಚ್ಚಿನ ಸ್ವರ ಇರುತ್ತದೆ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಹಾಗೆ. ಗಿಟಾರ್‌ನಲ್ಲಿ ಅದು 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಅದುರಿಕೆಯ ಆಸುಪಾಸಿನಲ್ಲಿ ಇರುತ್ತದೆ. ಈಗ ಸುತ್ತು ನೋಡಿ. ತಂತಿ ಅದುರುತ್ತದೆ, ಪಿಕಪ್ ಅದನ್ನು ಹಿಡಿಯುತ್ತದೆ, ಸ್ಪೀಕರ್ ಕೂಗುತ್ತದೆ. ಆ ಕೂಗು ಗಾಳಿಯಲ್ಲಿ ಬಂದು ಗಿಟಾರ್‌ನ ಹೊಟ್ಟೆಯನ್ನು ಅದುರಿಸುತ್ತದೆ. ಹೊಟ್ಟೆಯ ಮೇಲೆ ಕುದುರೆ ಕೂತಿದೆ, ಕುದುರೆಯ ಮೇಲೆ ತಂತಿ. ಹಾಗಾಗಿ ತಂತಿ ಮತ್ತೆ ಅದುರುತ್ತದೆ. ಒಂದು ಸುತ್ತು ಮುಗಿಸಿ ಬಂದ ಅದುರಿಕೆ, ಹೊರಟಾಗ ಇದ್ದಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಸದ್ದು ತಾನಾಗಿ ಬೆಳೆಯುತ್ತದೆ. ಕಡಿಮೆ ಇದ್ದರೆ ಸಾಯುತ್ತದೆ. ವಾಲ್ಯೂಮ್ ಗುಂಡಿ ತಿರುಗಿಸುವುದು ಅಂದರೆ ಈ ಗೆರೆಯ ಹತ್ತಿರ ಹೋಗುವುದು. ಹೊಟ್ಟೆಗೆ ಮೆಚ್ಚಿನ ಸ್ವರ ಎಲ್ಲಕ್ಕಿಂತ ಮೊದಲು ಆ ಗೆರೆ ದಾಟುತ್ತದೆ.

ಎಲ್ಲ ಕೂಗೂ ಹೊಟ್ಟೆಯದ್ದಲ್ಲ. ಇದನ್ನು ಬೇರೆ ಮಾಡಿ ತಿಳಿಯುವ ಉಪಾಯವನ್ನೂ ಸೌಂಡ್ ನೋಡಿಕೊಳ್ಳುತ್ತಿದ್ದ ಆ ಹಿರಿಯರೇ ಹೇಳಿಕೊಟ್ಟರು. ಕೂಗು ಬಂದಾಗ ಆರೂ ತಂತಿಗಳನ್ನು ಅಂಗೈಯಲ್ಲಿ ಮುಚ್ಚಿ. ನಿಂತರೆ ಅದು ತಂತಿ ಮತ್ತು ಹೊಟ್ಟೆಯ ಸುತ್ತು. ತಂತಿ ಮುಚ್ಚಿದರೂ ಸೀಟಿಯಂಥ ಕೀರಲು ಸದ್ದು ನಿಲ್ಲದಿದ್ದರೆ, ಪಿಕಪ್ ಒಳಗಿನ ಕಾಯಿಲ್‌ನ ಸುತ್ತುಗಳೇ ಸಡಿಲವಾಗಿ ಅಲುಗಾಡುತ್ತಿವೆ ಅಂತ ಅರ್ಥ. ಅದಕ್ಕೆ ಮದ್ದು ಬೇರೆ. ಕಾಯಿಲನ್ನು ಕರಗಿಸಿದ ಮೇಣದಲ್ಲಿ ಮುಳುಗಿಸಿ ಸುತ್ತುಗಳನ್ನು ಅಂಟಿಸುತ್ತಾರೆ. ಹೊಟ್ಟೆಯ ಕೂಗಿಗೆ ಮೇಣ ಕೆಲಸ ಮಾಡುವುದಿಲ್ಲ. ತೂತುಗಳಲ್ಲಿ ಬಟ್ಟೆ ತುರುಕಬಹುದು, ಆಂಪ್ಲಿಫೈಯರ್‌ಗೆ ಬೆನ್ನು ಹಾಕಿ ದೂರ ನಿಲ್ಲಬಹುದು. ಅಷ್ಟೇ, ಸ್ವಲ್ಪ ಹೊತ್ತು ತಡೆಯಬಹುದು.

ಇನ್ನೊಂದು ವಿಷಯ ಕೂಗಿನಷ್ಟು ಎದ್ದು ಕಾಣುವುದಿಲ್ಲ, ಆದರೆ ನುಡಿಸುವವನಿಗೆ ಅದು ಇನ್ನೂ ಮುಖ್ಯ. ಟೊಳ್ಳು ಹೊಟ್ಟೆ ದನಿ ಮಾಡುವುದೇ ತಂತಿಯ ಶಕ್ತಿಯನ್ನು ಕಸಿದುಕೊಂಡು. ತೆಳು ಹಲಗೆ ಬೇಗ ಅದುರುತ್ತದೆ, ತಂತಿ ಬೇಗ ಸೋಲುತ್ತದೆ. ಸ್ವರ ಠಣ್ ಅಂತ ಬಂದು ಹೋಗುತ್ತದೆ. ಅದೇ ತಂತಿಯನ್ನು ಗಟ್ಟಿ ದಿಮ್ಮಿಗೆ ಬಿಗಿದರೆ ಶಕ್ತಿ ಸೋರಲು ಜಾಗ ಇಲ್ಲ, ಸ್ವರ ಉಳಿಯುತ್ತದೆ. ವಿದ್ಯುತ್ ಇಲ್ಲದ ಗಿಟಾರ್‌ಗೆ ಹೊಟ್ಟೆ ಜೀವ. ಪಿಕಪ್ ಬಂದ ಮೇಲೆ ಅದೇ ಹೊಟ್ಟೆ ತಂತಿಯ ಶಕ್ತಿಯನ್ನು ಸುಮ್ನೆ ಖರ್ಚು ಮಾಡುವ ಬಾಬ್ತು.

ಇದನ್ನು ಗಿಟಾರಿಸ್ಟ್ ಲೆಸ್ ಪಾಲ್ ಮೊದಲೇ ಗ್ರಹಿಸಿದ್ದ. ವಿಸ್ಕಾನ್ಸಿನ್ ರಾಜ್ಯದ ವಾಕೆಷಾದ ಹುಡುಗ. ಚಿಕ್ಕವನಿದ್ದಾಗ ರೈಲು ಹಳಿಯ ತುಂಡಿನ ಮೇಲೆ ತಂತಿ ಬಿಗಿದು, ಕೆಳಗೆ ಟೆಲಿಫೋನಿನ ಭಾಗ ಇಟ್ಟು ಕೇಳಿದ್ದೆ ಅಂತ ಕೊನೆಯವರೆಗೂ ಹೇಳುತ್ತಿದ್ದ. 1940ರ ಆಸುಪಾಸಿನಲ್ಲಿ ನ್ಯೂಯಾರ್ಕ್‌ನ ಎಪಿಫೋನ್ ಕಾರ್ಖಾನೆಗೆ ಭಾನುವಾರ ಹೋಗಿ, ನಾಲ್ಕಿಂಚು ಚೌಕದ ಪೈನ್ ದಿಮ್ಮಿಯೊಂದಕ್ಕೆ ನೆಕ್, ಪಿಕಪ್, ಕುದುರೆ ಹಾಕಿದ. ಅದಕ್ಕೆ ‘ದ ಲಾಗ್’ ಅಂತ ಹೆಸರು, ಅಂದರೆ ದಿಮ್ಮಿ. ಅದನ್ನು ಹಿಡಿದು ನುಡಿಸಿದಾಗ ಜನ ತಣ್ಣಗಿದ್ದರು. ಆಮೇಲೆ ಒಂದು ಟೊಳ್ಳು ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ದಿಮ್ಮಿಯ ಎರಡೂ ಪಕ್ಕಕ್ಕೆ ರೆಕ್ಕೆಯ ಹಾಗೆ ಅಂಟಿಸಿದ. ಸದ್ದಿಗೆ ಆ ರೆಕ್ಕೆಗಳಿಂದ ಏನೂ ಆಗಬೇಕಿರಲಿಲ್ಲ. ಆದರೆ ಜನ ಈಗ ಗಿಟಾರ್ ನೋಡಿದರು, ಮೆಚ್ಚಿಕೊಂಡರು.

ಹದಿನೆಂಟು ವರ್ಷ ಯಾಕೆ ಹಿಡಿಯಿತು ಅನ್ನುವ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಸಿಕ್ಕಿಲ್ಲ. ದಿಮ್ಮಿಯನ್ನು ಗಿಬ್ಸನ್‌ಗೆ ತೋರಿಸಿದಾಗ ಅವರೂ ಅದನ್ನು ಪೊರಕೆ ಕಡ್ಡಿಗೆ ಹೋಲಿಸಿ ವಾಪಸ್ ಕಳಿಸಿದರು ಅಂತ ಲೆಸ್ ಪಾಲ್ ಹೇಳಿಕೊಂಡಿದ್ದಾನೆ.

ರೇಡಿಯೋ ರಿಪೇರಿಯವನ ಹಲಗೆ

ಗಟ್ಟಿ ಮರದ ಗಿಟಾರನ್ನು ಯಾರು ಮೊದಲು ಮಾಡಿದರು ಅಂತ ಇವತ್ತಿಗೂ ವಾದ ನಡೆಯುತ್ತದೆ. ಸ್ಲಿಂಗರ್‌ಲ್ಯಾಂಡ್ ಕಂಪನಿ 1939ರಲ್ಲೇ ಒಂದನ್ನು ಮಾರಿತ್ತು. ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಪಾಲ್ ಬಿಗ್ಸ್‌ಬಿ 1948ರಲ್ಲಿ ಗಾಯಕ ಮರ್ಲ್ ಟ್ರಾವಿಸ್‌ಗೆ ಮಾಡಿಕೊಟ್ಟ ಗಿಟಾರ್ ನೋಡಿದರೆ ಇವತ್ತಿನದೇ ಅನ್ನಿಸುತ್ತದೆ. ತೆಳು ಮೈ, ಆರೂ ಬಿರಡೆಗಳು ತಲೆಯ ಒಂದೇ ಬದಿಗೆ. ಆದರೆ ಅದು ಒಬ್ಬ ಗಿರಾಕಿಗೆ ಕೈಯಾರೆ ಮಾಡಿದ್ದು. ಗಿರಾಕಿ ಬೆಲೆ ಕೊಡಬಲ್ಲವನಾಗಿರಬೇಕು, ಕಾಯಲು ಸಿದ್ಧನಿರಬೇಕು. ಹೀಗಾಗಿ ‘ಮೊದಲಿಗ ಯಾರು’ ಎಂಬ ವಾದಕ್ಕಿಂತ ‘ಕೈಗೆಟಕುವಂತೆ ಮಾಡಿದವರು ಯಾರು’ ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಅದನ್ನು ಮಾಡಿದವನು ಲಿಯೋ ಫೆಂಡರ್. ಗಿಟಾರ್ ನುಡಿಸಲು ಬರದವನು. ಲೆಕ್ಕಪತ್ರ ಓದಿದ್ದ, ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಊರಿನ ವಾದಕರು ಆಂಪ್ಲಿಫೈಯರ್, ಪಿಕಪ್ ರಿಪೇರಿಗೆ ಅಲ್ಲಿಗೇ ಬರುತ್ತಿದ್ದರು. ಯಾವುದು ಕೆಡುತ್ತದೆ, ಎಲ್ಲಿ ಬಿಚ್ಚಲು ಕಷ್ಟ, ಶನಿವಾರ ರಾತ್ರಿ ಕಾರ್ಯಕ್ರಮದ ನಡುವೆ ಗಿಟಾರ್ ಕೈಕೊಟ್ಟರೆ ಏನಾಗುತ್ತದೆ, ಇದೆಲ್ಲ ಅವನಿಗೆ ಕೌಂಟರ್ ಆಚೆ ನಿಂತವರ ಬಾಯಿಂದಲೇ ಗೊತ್ತು. 1940ರ ದಶಕದ ನಡುವಿನಲ್ಲಿ ಪಿಕಪ್ ಪರೀಕ್ಷೆಗೆ ಅಂತ ಒಂದು ಗಟ್ಟಿ ಮರದ ಗಿಟಾರ್ ಮಾಡಿದ. ಅಲ್ಲಿನ ವಾದಕರು ಅದನ್ನೇ ಬಾಡಿಗೆಗೆ ಕೇಳತೊಡಗಿದರು. ಕಂಪನಿಗಳು ಆಕಾರ ನೋಡಿ ಬೇಡ ಅಂದದ್ದನ್ನು, ಗದ್ದಲದ ಡ್ಯಾನ್ಸ್ ಹಾಲ್‌ಗಳಲ್ಲಿ ನುಡಿಸುವವರು ಕೈಯಾರೆ ಪರೀಕ್ಷಿಸಿ ಬೇಕು ಅಂದರು.

1949ರ ಮಾದರಿಗೆ ಪೈನ್ ಮರ. 1950ರ ವಸಂತದಲ್ಲಿ ಎಸ್ಕ್ವೈರ್ ಅನ್ನುವ ಹೆಸರಲ್ಲಿ ಮಾರಾಟದ ಪಟ್ಟಿಗೆ ಬಂತು. ಅದರ ರಚನೆಯನ್ನು ಒಂದು ಕುರ್ಚಿ ನೋಡುವ ಹಾಗೆ ನೋಡಬಹುದು. ಒಡಲು ಒಂದೂಮುಕ್ಕಾಲು ಇಂಚು ದಪ್ಪದ ಚಪ್ಪಟೆ ಹಲಗೆ, ಮುಂದೆ ಮಾಮೂಲಾದದ್ದು ಆ್ಯಶ್ ಮರ. ಕೆತ್ತನೆ ಇಲ್ಲ, ಬಾಗಿಸುವುದಿಲ್ಲ. ಗರಗಸದಲ್ಲಿ ಆಕಾರ ಕೊಯ್ದು, ಯಂತ್ರದಿಂದ ಪಿಕಪ್‌ಗೆ ಗುಂಡಿ ತೋಡಿದರೆ ಆಯಿತು. ನೆಕ್ ಒಂದೇ ತುಂಡು ಮೇಪಲ್, ಅದರ ಮೇಲೇ ನೇರವಾಗಿ ಫ್ರೆಟ್‌ಗಳು. ನೆಕ್ಕನ್ನು ಒಡಲಿಗೆ ಗೋಂದಿನಿಂದ ಅಂಟಿಸಿರಲಿಲ್ಲ. ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದರು. ನೆಕ್ ಹಾಳಾದರೆ ಬಿಚ್ಚಿ ಬೇರೆಯದು ಹಾಕಿಕೊಳ್ಳಿ ಅಂತ. ಹತ್ತಾರು ವರ್ಷಗಳ ಕುಶಲಿ ಮಾಡುತ್ತಿದ್ದ ನಾಜೂಕಿನ ಜೋಡಣೆಯ ಜಾಗಕ್ಕೆ ಸ್ಕ್ರೂಡ್ರೈವರ್ ಬಂತು.

ಕುದುರೆಯ ಹತ್ತಿರದ ಪಿಕಪ್‌ನಲ್ಲಿ ಒಂದೊಂದು ತಂತಿಯ ಕೆಳಗೂ ಒಂದೊಂದು ಅಯಸ್ಕಾಂತದ ಕಡ್ಡಿ, ಸುತ್ತ ಕಾಯಿಲ್. ತಂತಿಗಳು ಒಡಲನ್ನು ತೂರಿಕೊಂಡು ಹಿಂದಿನಿಂದ ಬಂದು ಕುದುರೆಯ ಮೇಲೆ ಹಾಯುತ್ತಿದ್ದವು. ಕುದುರೆಯಲ್ಲಿ ತಂತಿ ಕೂರುವ ಉರುಳೆಗಳು ಮೂರೇ, ಎರಡು ತಂತಿಗೆ ಒಂದರಂತೆ. ಇದರಿಂದ ಒಂದು ಕೊರತೆ ಉಳಿಯಿತು. ದಪ್ಪ ತಂತಿಗೂ ತೆಳು ತಂತಿಗೂ ಬೇಕಾದ ಉದ್ದ ಬೇರೆ ಬೇರೆ. ಎರಡಕ್ಕೂ ಒಂದೇ ಉರುಳೆ ಅಂದರೆ ಎರಡರ ನಡುವೆ ರಾಜಿ. ಹನ್ನೆರಡನೇ ಫ್ರೆಟ್ ಒತ್ತಿ ನೋಡಿದರೆ ಒಂದು ತಂತಿ ಸ್ವಲ್ಪ ಏರು, ಪಕ್ಕದ್ದು ಸ್ವಲ್ಪ ಇಳಿ. ಆ ಕುದುರೆ ಹಾಕಿಸಿಕೊಂಡವರು ಇವತ್ತಿಗೂ ಇದರ ಜೊತೆ ಗುದ್ದಾಡುತ್ತಾರೆ.

ನಿಜವಾದ ಅಪಾಯ ಮಾತ್ರ ನೆಕ್‌ನಲ್ಲಿತ್ತು. ಮೊದಲ ಎಸ್ಕ್ವೈರ್‌ಗಳ ನೆಕ್ ಒಳಗೆ ಉಕ್ಕಿನ ಸರಳು ಇರಲಿಲ್ಲ. ಮೇಪಲ್ ಗಟ್ಟಿ ಮರ, ಅದೇ ಸಾಕು ಅಂತ ಲಿಯೋ ನಂಬಿದ್ದ. ಆ ಕಾಲದ ದಪ್ಪ ತಂತಿಗಳು ಆರೂ ಸೇರಿ ನೆಕ್ಕನ್ನು 60 ಕಿಲೋಗೂ ಜಾಸ್ತಿ ಬಲದಿಂದ ಎಳೆಯುತ್ತವೆ, ಹಗಲೂ ರಾತ್ರಿ. ನೆಕ್‌ಗಳು ಬಾಗಿದವು. ನೆಕ್ ಬಾಗಿದರೆ ನಡುವಿನಲ್ಲಿ ತಂತಿ ಫ್ರೆಟ್‌ನಿಂದ ದೂರ ಹೋಗುತ್ತದೆ. ಒತ್ತಲು ಬೆರಳು ನೋಯುತ್ತದೆ, ಒತ್ತಿದರೆ ಸ್ವರ ಏರುತ್ತದೆ. ಮಾರಾಟ ನೋಡಿಕೊಳ್ಳುತ್ತಿದ್ದ ಡಾನ್ ರಾಂಡಲ್‌ಗೆ ಇದು ದೊಡ್ಡ ತಲೆನೋವಾಯಿತು. ಕೊನೆಗೆ ಲಿಯೋ ಒಪ್ಪಿದ. ನೆಕ್‌ನ ಹಿಂಭಾಗದಲ್ಲಿ ಉದ್ದಕ್ಕೂ ಕಾಲುವೆಯಂಥ ಸಂದು ತೋಡಿ, ಸರಳು ಕೂರಿಸಿ, ಮೇಲೆ ಕಪ್ಪು ಬಣ್ಣದ ವಾಲ್‌ನಟ್ ಮರದ ಪಟ್ಟಿ ಅಂಟಿಸಿ ಮುಚ್ಚಿದರು. ಇವತ್ತು ಫೆಂಡರ್ ಗಿಟಾರ್‌ನ ಮೇಪಲ್ ನೆಕ್ ಹಿಂದೆ ಕಾಣುವ ಆ ಕಪ್ಪು ಗೆರೆ ಅಂದಕ್ಕೆ ಬಳಿದದ್ದಲ್ಲ. ಆ ಮೊದಲ ತಪ್ಪನ್ನು ತಿದ್ದಿದ ಹೊಲಿಗೆ ಅದು.

ಎರಡು ಪಿಕಪ್, ಒಳಗೆ ಸರಳು ಇದ್ದ ಗಿಟಾರ್ 1950ರ ಕೊನೆಗೆ ಬ್ರಾಡ್‌ಕಾಸ್ಟರ್ ಅನ್ನುವ ಹೆಸರಲ್ಲಿ ಬಂತು. ಆ ಹೆಸರಿನ ಡ್ರಮ್ಸ್ ತಮ್ಮದಿದೆ ಅಂತ ಗ್ರೆಟ್ಷ್ ಕಂಪನಿ 1951ರ ಶುರುವಿನಲ್ಲಿ ಆಕ್ಷೇಪ ಎತ್ತಿತು. ಫೆಂಡರ್‌ನವರು ಹೆಸರು ಬೀಳುವ ಸ್ಟಿಕ್ಕರ್‌ಗಳಿಂದ ‘ಬ್ರಾಡ್‌ಕಾಸ್ಟರ್’ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಅಂಟಿಸಿ ಮಾರುತ್ತಾ ಹೋದರು. ಆಗ ಟೆಲಿವಿಷನ್ ಹೊಸದು. ಹೊಸ ಹೆಸರು ಟೆಲಿಕಾಸ್ಟರ್ ಆಯಿತು. ಆ ಗಿಟಾರ್ ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ತಯಾರಾಗುತ್ತಿದೆ.

ಹಲಗೆ ಮಾರಾಟವಾಗುವುದನ್ನು ನೋಡಿ ಗಿಬ್ಸನ್ ಮನಸ್ಸು ಬದಲಾಯಿಸಿತು. ದಿಮ್ಮಿಯನ್ನು ವಾಪಸ್ ಕಳಿಸಿದ್ದ ಕಂಪನಿ 1952ರಲ್ಲಿ ಲೆಸ್ ಪಾಲ್ ಹೆಸರಿನಲ್ಲೇ ಗಟ್ಟಿ ಮರದ ಗಿಟಾರ್ ಹೊರತಂದಿತು. ಮಹಾಗನಿ ಒಡಲು, ಮೇಲೆ ಕೆತ್ತಿದ ಮೇಪಲ್, ಚಿನ್ನದ ಬಣ್ಣ. ಹಳೆಯ ಗಿಟಾರ್‌ನ ಉಬ್ಬನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದಕ್ಕೂ ಶುರುವಿನಲ್ಲಿ ಎಡವಟ್ಟಾಯಿತು. ನೆಕ್‌ನ ಓರೆ ಸಾಲದೆ ತಂತಿಗಳನ್ನು ಕುದುರೆಯ ಕಂಬಿಯ ಮೇಲೆ ಹಾಯಿಸಲು ಆಗಲಿಲ್ಲ, ಕೆಳಗಿನಿಂದ ಹಾಯಿಸಬೇಕಾಯಿತು. ಅಂಗೈಯನ್ನು ತಂತಿಯ ಬುಡಕ್ಕೆ ಒತ್ತಿ ಸ್ವರ ಮೊಟಕು ಮಾಡುವುದು ಇದರಿಂದ ಸಾಧ್ಯವಾಗುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಓರೆ ತಿದ್ದಿ, ಕುದುರೆ ಬದಲಿಸಿದರು.

ಟೊಳ್ಳು ಹೊಟ್ಟೆ ಹಾಗಂತ ಮಾಯವಾಗಲಿಲ್ಲ. ಅದರ ಬೆಚ್ಚಗಿನ ದನಿ ಬೇಕು ಅನ್ನುವವರು ಇದ್ದೇ ಇದ್ದರು. 1958ರಲ್ಲಿ ಗಿಬ್ಸನ್ ಇಎಸ್-335 ಅನ್ನುವ ಗಿಟಾರ್ ಮಾಡಿತು. ಹೊರಗಿನಿಂದ ನೋಡಿದರೆ ಪಿಟೀಲಿನ ತೂತುಗಳಿರುವ ಟೊಳ್ಳು ಗಿಟಾರ್. ಒಂದು ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಪಕ್ಕಗಳಲ್ಲಿ ಖಾಲಿ. ನಟ್ಟನಡುವೆ, ನೆಕ್‌ನ ಬುಡದಿಂದ ಕೊನೆಯವರೆಗೆ, ಪಿಕಪ್ ಮತ್ತು ಕುದುರೆಯನ್ನು ಹೊತ್ತುಕೊಂಡು ಒಂದು ಗಟ್ಟಿ ಮರದ ದಿಮ್ಮಿ ಕೂತಿದೆ, ಎರಡೂ ಕಡೆ ರೆಕ್ಕೆ ಅಂಟಿಸಿಕೊಂಡು.